ಆರ್‌ಒ ಎಎಂಸಿ ತಾನಾಗಿ ನವೀಕರಣ ಆಗಿದೆ, ವರ್ಷವಿಡೀ ಟೆಕ್ನಿಷಿಯನ್ ಬಂದೇ ಇಲ್ಲ: ರದ್ದು ಮಾಡಿಸಿ ಹಣ ವಾಪಸ್ ಪಡೆಯುವುದು ಹೇಗೆ?

ತಿಳಿನೀರು

ಕಳೆದ ವರ್ಷ ಜೂನ್ 10ರಂದು ಕಂಪನಿಯ ಆ್ಯಪ್‌ನಲ್ಲೇ ನಮ್ಮ ಆರ್‌ಒ ಯಂತ್ರಕ್ಕೆ ಒಂದು ವರ್ಷದ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರು, ಮಾಡಿಸಿದ್ದೆ. ₹4,000, ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹4,720. ಯುಪಿಐನಲ್ಲಿ ಕಟ್ಟಿದ್ದು. ವರ್ಷಕ್ಕೆ ಮೂರು ಸರ್ವಿಸ್, ಒಂದು ಸಲ ಸೆಡಿಮೆಂಟ್ ಮತ್ತು ಕಾರ್ಬನ್ ಫಿಲ್ಟರ್ ಬದಲಾವಣೆ, ಬೇಕಿದ್ದರೆ ಮೆಂಬ್ರೇನ್ ಎಂದು ಅದರಲ್ಲಿತ್ತು.

ಹನ್ನೆರಡು ತಿಂಗಳಲ್ಲಿ ಒಬ್ಬರೂ ಬರಲಿಲ್ಲ. ಡಿಸೆಂಬರ್‌ನಲ್ಲಿ ಒಮ್ಮೆ, ಮಾರ್ಚ್‌ನಲ್ಲಿ ಒಮ್ಮೆ ಆ್ಯಪ್‌ನಲ್ಲಿ ದೂರು ಹಾಕಿದ್ದೆ. ಎರಡೂ ಎರಡೇ ದಿನದಲ್ಲಿ ‘ಪರಿಹಾರವಾಗಿದೆ’ ಎಂದು ಮುಚ್ಚಿಹೋದವು. ಈ ಜೂನ್ 10ಕ್ಕೆ ಮತ್ತೆ ₹4,720 ಖಾತೆಯಿಂದ ಹೋಗಿದೆ. ಆ್ಯಪ್ ತೆರೆದು ನೋಡಿದರೆ ಹಳೆಯ ವರ್ಷದ ಮೂರೂ ಸರ್ವಿಸ್ ‘ಪೂರ್ಣಗೊಂಡಿದೆ’ ಎಂದಿವೆ. ಹಣ ಹೋಗಿ ಇವತ್ತಿಗೆ 19 ದಿನ. ಫೋನ್ ಮಾಡಿದರೆ, ನವೀಕರಣವಾಗಿ 7 ದಿನ ಕಳೆದ ಮೇಲೆ ರದ್ದಿಲ್ಲ, ರೀಫಂಡ್ ಇಲ್ಲ ಎನ್ನುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಸೀದಾಮಾತು

ಇದಕ್ಯಾಕೆ ಇಷ್ಟು ತಲೆಬಿಸಿ? ಯುಪಿಐ ಆ್ಯಪ್‌ಗೆ ಹೋಗಿ, ಆಟೋಪೇ ಪಟ್ಟಿಯಲ್ಲಿ ಆ ಕಂಪನಿ ಹುಡುಕಿ ರದ್ದು ಮಾಡಿ. ಅಲ್ಲಿಗೆ ಎಎಂಸಿ ಕಥೆ ಮುಗೀತು. ಹೋದ ಹಣಕ್ಕೆ ‘ನನ್ನ ಒಪ್ಪಿಗೆ ಇಲ್ಲದೆ ತೆಗೆದಿದ್ದಾರೆ’ ಅಂತ ಬ್ಯಾಂಕಿಗೆ ದೂರು ಕೊಡಿ. 30 ದಿನದೊಳಗೆ ರೀಫಂಡ್ ಕೊಡಲೇಬೇಕು ಅಂತ ಗ್ರಾಹಕ ಕಾನೂನಲ್ಲೇ ಇದೆ.

ಪಾಸ್‌ಬುಕ್

ರದ್ದು ಮಾಡಬೇಕು ಎನ್ನುವುದು ಸರಿ. ಅಲ್ಲಿಗೆ ಎಎಂಸಿ ಮುಗಿಯುತ್ತದೆ ಎನ್ನುವುದು ಸರಿಯಲ್ಲ. ಇಲ್ಲಿ ಎರಡು ಬೇರೆ ಬೇರೆ ಕಾಗದಗಳಿವೆ. ಹಣ ತಾನಾಗಿ ಕಡಿತವಾಗಲಿ ಎಂದು ನೀವು ಬ್ಯಾಂಕಿಗೆ ಕೊಟ್ಟ ಮ್ಯಾಂಡೇಟ್ ಒಂದು, ಕಂಪನಿಯ ಜೊತೆಗಿನ ಕರಾರು ಇನ್ನೊಂದು. ಮ್ಯಾಂಡೇಟ್ ರದ್ದಾದರೆ ಮುಂದಿನ ವರ್ಷದ ಕಡಿತ ನಿಲ್ಲುತ್ತದೆ, ಅಷ್ಟೇ. ಹೋಗಿರುವ ₹4,720 ಅದರಿಂದ ತಿರುಗಿ ಬರುವುದಿಲ್ಲ, ಕಂಪನಿಯ ಲೆಕ್ಕದಲ್ಲಿ ಈ ವರ್ಷದ ಎಎಂಸಿಯೂ ಚಾಲ್ತಿಯಲ್ಲೇ ಇರುತ್ತದೆ. ಕಂಪನಿ ಎಎಂಸಿ ರದ್ದು ಮಾಡಿದರೂ ಮ್ಯಾಂಡೇಟ್ ತಾನಾಗಿ ಹೋಗುತ್ತದೆ ಎಂದು ನಂಬಿ ಕೂರಬೇಡಿ. ಎರಡನ್ನೂ ಬೇರೆಬೇರೆಯಾಗಿಯೇ ಮುಗಿಸಬೇಕು.

ಆದರೆ ರದ್ದು ಗುಂಡಿ ಒತ್ತುವ ಮುಂಚೆ ಆ ಮ್ಯಾಂಡೇಟ್‌ನ ವಿವರದ ಪುಟವನ್ನು ಪೂರ್ತಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. UMN ಎಂಬ ಹೆಸರಿನ ಮ್ಯಾಂಡೇಟ್ ಸಂಖ್ಯೆ, ಯಾವ ದಿನ ಒಪ್ಪಿಗೆ ಕೊಟ್ಟಿರಿ, ಎಷ್ಟು ದಿನಕ್ಕೊಮ್ಮೆ ಕಡಿತ, ಗರಿಷ್ಠ ಎಷ್ಟು ಹಣ, ಯಾವತ್ತಿನವರೆಗೆ, ಇಷ್ಟೂ ಅದರಲ್ಲಿ ಕಾಣಬೇಕು. ರದ್ದಾದ ಮೇಲೆ ಕೆಲವು ಆ್ಯಪ್‌ಗಳಲ್ಲಿ ಈ ಪುಟ ಹುಡುಕಿದರೂ ಸಿಗದು. ಗರಿಷ್ಠ ಮೊತ್ತದ ಸಾಲನ್ನು ಗಮನವಿಟ್ಟು ನೋಡಿ. ₹4,720 ಕಟ್ಟಿದವರ ಮ್ಯಾಂಡೇಟ್‌ನಲ್ಲಿ ಅದಕ್ಕಿಂತ ದೊಡ್ಡ ಮೊತ್ತ ಇರುವುದುಂಟು. ಮುಂದೆ ದರ ಏರಿಸಿದರೂ ಪಿನ್ ಕೇಳದೆ ಹಣ ಹೋಗಲಿ ಎಂದು ಹಾಗೆ ಇಟ್ಟಿರುತ್ತಾರೆ. ಇಂಥ ಮರುಕಡಿತದಲ್ಲಿ ₹15,000ದವರೆಗೆ ಪ್ರತಿ ಸಲ ಪಿನ್ ಬೇಕಾಗುವುದಿಲ್ಲ.

ಎರಡನೆಯದಾಗಿ ಜೂನ್ 8 ಮತ್ತು 9ರ ಎಸ್‌ಎಂಎಸ್, ಇಮೇಲ್, ಯುಪಿಐ ಆ್ಯಪ್‌ನ ಸೂಚನೆಗಳನ್ನು ಹುಡುಕಿ. ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಸೂಚನೆ ಬಂದಿದ್ದು ನೀವು ನೋಡದೆ ಬಿಟ್ಟಿದ್ದರೆ ಬ್ಯಾಂಕಿನ ಮೇಲೆ ದೂರು ನಿಲ್ಲುವುದಿಲ್ಲ. ಬಂದೇ ಇಲ್ಲದಿದ್ದರೆ ಅದು ಪ್ರತ್ಯೇಕ ದೂರು. ಬ್ಯಾಂಕಿಗೆ ಬರೆದು ದೂರಿನ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಬಾರದಿದ್ದರೆ, cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು.

‘ಒಪ್ಪಿಗೆ ಇಲ್ಲದೆ ತೆಗೆದರು’ ಎಂದಂತೂ ಬರೆಯಬೇಡಿ. ಮೊದಲ ದಿನ ಪಿನ್ ಒತ್ತಿದ ದಾಖಲೆಯನ್ನು ಬ್ಯಾಂಕು ಮುಂದಿಟ್ಟರೆ ಅಲ್ಲಿಗೆ ನಿಮ್ಮ ದೂರು ಮುಗಿಯುತ್ತದೆ, ಜೊತೆಗೆ ಮಿಕ್ಕ ಮಾತಿನ ತೂಕವೂ ಇಳಿಯುತ್ತದೆ.

ಮಲ್ಲಿಗೆಮೊಗ್ಗು

ನಮ್ಮದೂ ಇದೇ ಗೋಳು. ತಿಂಗಳ ಬಾಡಿಗೆಯ ವಾಟರ್ ಪ್ಯೂರಿಫೈಯರ್, ಮೂರು ತಿಂಗಳಿಂದ ಸರ್ವಿಸ್ ಇಲ್ಲ. ಠೇವಣಿ ₹1,500 ಅವರ ಹತ್ತಿರವೇ ಇದೆ. ನಾನೂ ಆಟೋಪೇ ರದ್ದು ಮಾಡಿಬಿಡಲಾ?

ಪಾಸ್‌ಬುಕ್

ಮಲ್ಲಿಗೆಮೊಗ್ಗು ಅವರೇ, ನಿಮ್ಮದು ಬೇರೆ ವ್ಯವಹಾರ. ಬಾಡಿಗೆಯಲ್ಲಿ ಯಂತ್ರ ಅವರದ್ದು. ಯಂತ್ರ ನಿಮ್ಮ ಮನೆಯಲ್ಲಿರುವಷ್ಟು ದಿನ ಬಾಡಿಗೆ ಬಾಕಿ ಎಂದು ಬರೆದುಕೊಳ್ಳುತ್ತಾ ಹೋಗಿ, ಕೊನೆಗೆ ಅದನ್ನು ಠೇವಣಿಯಲ್ಲೇ ಮುರಿದುಕೊಳ್ಳುತ್ತಾರೆ. ಮೊದಲು ಯಂತ್ರ ತೆಗೆದುಕೊಂಡು ಹೋಗಿ ಎಂದು ಲಿಖಿತವಾಗಿ ಕೇಳಿ, ಒಯ್ದಾಗ ಯಂತ್ರದ ಸೀರಿಯಲ್ ನಂಬರ್ ಬರೆದ ರಸೀದಿ ಪಡೆಯಿರಿ, ಆಮೇಲೆ ಮ್ಯಾಂಡೇಟ್ ತೆಗೆಯಿರಿ. ಮೂರು ತಿಂಗಳ ಸರ್ವಿಸ್ ಕೊರತೆಗೆ ಬಾಡಿಗೆ ಕಡಿತ ಕೇಳುವುದು ಅದೇ ಪತ್ರದಲ್ಲಿರಲಿ.

ಹಳೇಸ್ಪ್ಯಾನರ್

ತಿಳಿನೀರು ಅವರೇ, ಬ್ಯಾಂಕ್ ವಿಚಾರ ಪಾಸ್‌ಬುಕ್ ಅವರು ಹೇಳಿದ್ದಾರೆ. ‘ಯಾರೂ ಬಂದಿಲ್ಲ’ ಅನ್ನೋದನ್ನ ತೋರಿಸೋದು ಹೇಗೆ ಅಂತ ನಾನು ಹೇಳ್ತೀನಿ, ಯಾಕಂದ್ರೆ ನಿಮ್ಮ ಹಣ ನಿಂತಿರೋದು ಅದರ ಮೇಲೆ.

ಈ ಕೆಲಸ ಬಹಳ ಕಡೆ ಫ್ರಾಂಚೈಸಿ ಕೈಲಿರುತ್ತೆ. ಸರ್ವಿಸ್‌ಗೆ ಬರೋ ಹುಡುಗನಿಗೆ ದುಡ್ಡು ಸಿಗೋದು ಮುಚ್ಚಿದ ಕರೆಗೆ, ತೆರೆದಿರೋ ಕರೆಗಲ್ಲ. ಗಡುವು ಮೀರಿದರೆ ಫ್ರಾಂಚೈಸಿಗೆ ದಂಡ ಇರುತ್ತೆ. ಹಾಗಾಗಿ ತಿಂಗಳ ಕೊನೇಲಿ ಹೋಗದೇ ಇರೋ ಮನೆಗಳ ಸರ್ವಿಸ್ಸೂ ‘ಆಯ್ತು’ ಅಂತ ಮುಚ್ಚಿಹೋಗುತ್ತೆ. ಹಾಗೆ ಮುಚ್ಚಬಾರದು ಅಂತಲೇ ಗ್ರಾಹಕರ ಫೋನಿಗೆ ಒಂದು ಕೋಡ್ ಹೋಗೋ ಪದ್ಧತಿ ಬಂದಿದ್ದು. ಆದರೆ ‘ಗ್ರಾಹಕರು ಕೋಡ್ ಕೊಡಲಿಲ್ಲ’ ಅಂತ ಕಾರಣ ಹಾಕಿಯೂ ಮುಚ್ಚೋ ದಾರಿ ಕೆಲವು ಕಡೆ ಇರುತ್ತೆ.

ಅದಕ್ಕೆ ‘ಬಂದಿಲ್ಲ’ ಅಂತ ವಾದ ಮಾಡ್ತಾ ಕೂರೋ ಬದಲು ಅವರ ಜಾಬ್ ಶೀಟ್ ಕೇಳಿ, ಮೂರು ಭೇಟಿಯದ್ದೂ, ಎರಡು ದೂರಿನದ್ದೂ. ಬಂದ ದಿನ ಮತ್ತು ಹೊತ್ತು, ಬಂದವನ ಗುರುತಿನ ಸಂಖ್ಯೆ, ಕೋಡ್ ಹಾಕಿದ್ದಾನಾ, ಯಂತ್ರದ ಒಳಗೆ ಹೋಗೋ ನೀರು ಹೊರಗೆ ಬರೋ ನೀರು ಎರಡರ ಟಿಡಿಎಸ್ ಅಂದ್ರೆ ಕರಗಿರೋ ಲವಣದ ಅಳತೆ, ಯಾವ ಪಾರ್ಟ್ ಹಾಕಿದ, ಅದರ ಸೀರಿಯಲ್ ಏನು, ಇಷ್ಟೂ ಅದರಲ್ಲಿರಬೇಕು. ನಿಜವಾಗ್ಲೂ ಬಂದಿದ್ರೆ ಈ ಕಾಲಂಗಳು ತುಂಬಿರ್ತವೆ. ಬರದೆ ಮುಚ್ಚಿದ್ರೆ ಖಾಲಿ ಇರ್ತವೆ, ಇಲ್ಲಾ ಮೂರೂ ಸಲ ಒಂದೇ ಟಿಡಿಎಸ್ ಬರೆದಿರ್ತಾರೆ. ಜನವರಿಗೂ ಮೇಗೂ ನಲ್ಲಿ ನೀರಿನ ಟಿಡಿಎಸ್ ಒಂದೇ ಬರೋದು ಅಪರೂಪ.

ಇನ್ನು ಯಂತ್ರ. ಈಗಲೇ ಹೊರಗಿನವರನ್ನ ಕರೆಸಿ ಫಿಲ್ಟರ್ ಬದಲಾಯಿಸಬೇಡಿ, ಅದೇ ನಿಮ್ಮ ಸಾಕ್ಷಿ. ನೀರು ಬಂದ್ ಮಾಡಿ, ಪ್ಲಗ್ ತೆಗೆದು, ಮುಂದಿನ ಕವರ್ ಬಿಚ್ಚಿ ಫೋಟೋ ತೆಗೀರಿ. ಮೊದಲು ದೂರದಿಂದ ಇಡೀ ಯಂತ್ರ, ಆಮೇಲೆ ಒಂದೊಂದು ಕಾರ್ಟ್ರಿಜ್‌ನ ಲೇಬಲ್. ಮೆಂಬ್ರೇನ್ ಹೌಸಿಂಗ್ ಮಾತ್ರ ಬಿಚ್ಚಬೇಡಿ, ಒ-ರಿಂಗ್ ಸರಿಯಾಗಿ ಕೂರದಿದ್ರೆ ಸೋರುತ್ತೆ. ಹೊರಗೆ ಪಾರದರ್ಶಕ ಬಟ್ಟಲಲ್ಲಿ ಪ್ರಿ-ಫಿಲ್ಟರ್ ಇದ್ರೆ ಅದರ ಬಣ್ಣದ ಫೋಟೋನೂ ಇರಲಿ. ಆದರೆ ಬಣ್ಣ ಒಂದನ್ನೇ ನಂಬ್ಕೋಬೇಡಿ, ಕೆಸರು ನೀರು ಬಂದ್ರೆ ಹೊಸ ಸ್ಪನ್ ಫಿಲ್ಟರೂ ಒಂದೂವರೆ ತಿಂಗಳಲ್ಲಿ ಕಂದು ಆಗುತ್ತೆ.

ಗಟ್ಟಿ ಸಾಕ್ಷಿ ಅಂದ್ರೆ ಲೇಬಲ್. ‘ಜನವರಿಯಲ್ಲಿ ಕಾರ್ಬನ್ ಬದಲಿಸಿದೆವು’ ಅಂತ ಅವರು ಬರೆದಿದ್ದು, ಒಳಗಿರೋದು ಯಂತ್ರ ತಂದ ದಿನ ಬಿಲ್ಲಲ್ಲೋ ಫೋಟೋದಲ್ಲೋ ಇದ್ದ ಅದೇ ಸೀರಿಯಲ್ ಆದ್ರೆ, ಅದರ ಮೇಲೆ ಮಾತಿಲ್ಲ. ತಯಾರಾದ ತಿಂಗಳು ಹಳೇದು ಅನ್ನೋದು ಮಾತ್ರ ಸಾಲದು, ಹಳೇ ಸ್ಟಾಕ್ ಹಾಕಿದ್ವಿ ಅಂತಾರೆ. ಕೆಲವು ಕಾರ್ಟ್ರಿಜ್ ಮೇಲೆ ಸೀರಿಯಲ್ಲೇ ಇರಲ್ಲ, ಆಗ ಈ ದಾರಿ ಮುಚ್ಚಿತು ಅನ್ಕೊಳ್ಳಿ.

ಸೀದಾಮಾತು

ಟಿಡಿಎಸ್ ಮೀಟರ್ ಇಟ್ಟು ತೋರಿಸಿದರೆ ಆಗಲ್ವಾ? ಔಟ್‌ಪುಟ್ ಜಾಸ್ತಿ ಬಂದರೆ ಸರ್ವಿಸ್ ಆಗಿಲ್ಲ ಅಂತ ಅರ್ಥ ತಾನೇ?

ಹಳೇಸ್ಪ್ಯಾನರ್

ಅರ್ಧ ಸತ್ಯ. ಉದಾಹರಣೆಗೆ ಒಳಗೆ 480, ಹೊರಗೆ 35 ಇದ್ರೆ ಮೆಂಬ್ರೇನ್ ಸುಮಾರು 93% ತಡೀತಾ ಇದೆ ಅಂತ. ಅದೇ 480ಕ್ಕೆ ಹೊರಗೆ 110 ಬಂದ್ರೆ 77%ಗೆ ಇಳಿದಿದೆ. ಆದರೆ ಬಹಳ ಯಂತ್ರದಲ್ಲಿ ರುಚಿಗೆ ಅಂತ ಸ್ವಲ್ಪ ಕಚ್ಚಾ ನೀರು ಸೇರಿಸೋ ಟಿಡಿಎಸ್ ಅಡ್ಜಸ್ಟರ್ ಇರುತ್ತೆ. ಅದು ತೆರೆದಿದ್ರೆ ಹೊಸ ಮೆಂಬ್ರೇನ್ ಇದ್ರೂ 110 ಬರುತ್ತೆ. ಅದನ್ನ ಪೂರ್ತಿ ಮುಚ್ಚಿ, ಟ್ಯಾಂಕಿನ ಹಳೇ ನೀರು ಖಾಲಿ ಮಾಡಿ, ಹೊಸದಾಗಿ ಬಂದ ನೀರು ಅಳೆದ್ರೆ ಮಾತ್ರ ಲೆಕ್ಕ. ಇನ್ನೊಂದು, ಟಿಡಿಎಸ್ ಹೇಳೋದು ಮೆಂಬ್ರೇನ್ ಕಥೆ. ಸೆಡಿಮೆಂಟ್, ಕಾರ್ಬನ್ ಬದಲಾಯ್ತಾ ಇಲ್ವಾ ಅಂತ ಅದು ಹೇಳಲ್ಲ. ಪೋಷಕ ಸಾಕ್ಷಿಯಾಗಿ ಇಟ್ಕೊಳ್ಳಿ, ಮುಖ್ಯ ಸಾಕ್ಷಿ ಮಾಡ್ಕೋಬೇಡಿ.

ತಕ್ಕಡಿಮುಳ್ಳು

ತಿಳಿನೀರು ಅವರು ಎಎಂಸಿಯ ಷರತ್ತುಗಳಲ್ಲಿ ಮೊದಲು ಒಂದು ವಾಕ್ಯ ಹುಡುಕಬೇಕು. ಮೂರು ಸರ್ವಿಸ್ ಎಂದರೆ ಕಂಪನಿಯೇ ದಿನ ಗೊತ್ತುಮಾಡಿ ಬರಬೇಕಾದ ಭೇಟಿಗಳೇ, ಅಥವಾ ಗ್ರಾಹಕರು ಕರೆದಾಗ ಬರುವ ಭೇಟಿಗಳೇ? ಕರೆದಾಗ ಮಾತ್ರ ಎಂದಿದ್ದು, ನೀವು ಕರೆದದ್ದು ಎರಡೇ ಸಲ ಎಂದಾದರೆ, ಸೇವಾ ಕೊರತೆ ಆ ಎರಡಕ್ಕೆ ಸೀಮಿತವಾಗುತ್ತದೆ. ನಿಗದಿತ ಭೇಟಿ ಎಂದಿದ್ದರೆ ನೀವು ಕರೆಯಬೇಕಾಗಿಯೇ ಇರಲಿಲ್ಲ. ಇಂಥ ಎಷ್ಟೋ ದೂರುಗಳು ಸೋಲುವುದು ಈ ವಾಕ್ಯವನ್ನು ಓದದೆ ಹೋದದ್ದರಿಂದ.

ಇನ್ನು ಸೀದಾಮಾತು ಅವರು ಹೇಳಿದ 30 ದಿನದ ರೀಫಂಡಿನ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(47)ರಲ್ಲಿ ಅದು ಇದೆ, ಆದರೆ ಎಲ್ಲ ರೀಫಂಡಿಗೂ ಅಲ್ಲ. ಕೊರತೆಯಿರುವ ಸೇವೆಯನ್ನು ನಿಲ್ಲಿಸಿ ಹಣ ಹಿಂತಿರುಗಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ ಕಾಯ್ದೆ. ಬಿಲ್ಲಿನಲ್ಲೋ ರಸೀದಿಯಲ್ಲೋ ಅವಧಿ ಹೇಳಿದ್ದರೆ ಆ ಅವಧಿ, ಹೇಳದಿದ್ದರೆ 30 ದಿನ. ಅಂದರೆ ಸೇವೆಯಲ್ಲಿ ಕೊರತೆ ಇತ್ತು ಎಂದು ತೋರಿಸಿದ ಮೇಲೆಯೇ ಆ 30 ದಿನ ನಿಮಗೆ ಸಿಗುವುದು. ಅವರ ‘7 ದಿನ’ ಎಲ್ಲಿ ಬರೆದಿದೆ ಎಂದು ಕೇಳಿ. ನವೀಕರಣದ ಇನ್‌ವಾಯ್ಸ್ ನಿಮಗೆ ಬಂದಿದೆಯೇ? ಬಿಲ್ ಕೊಡದಿರುವುದೂ ಅದೇ ಸೆಕ್ಷನ್ನಿನಲ್ಲಿ ಬರುತ್ತದೆ.

ತಾನಾಗಿ ನವೀಕರಣವಾಗುವ ಗುಂಡಿಯನ್ನು ಮೊದಲೇ ಟಿಕ್ ಮಾಡಿಟ್ಟು ಒಪ್ಪಿಗೆ ಪಡೆದಿದ್ದರೆ, 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅದು ಒಪ್ಪಿಗೆಯೇ ಅಲ್ಲ. ಗ್ರಾಹಕರನ್ನು ದಾರಿ ತಪ್ಪಿಸುವ ಆ್ಯಪ್ ವಿನ್ಯಾಸಗಳ ಬಗ್ಗೆ ಇರುವ 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ರದ್ದು ಮಾಡಲು ಬಿಡದ ಚಂದಾದಾರಿಕೆ ಬಲೆಯೂ ನಿಷಿದ್ಧ. ಆದರೂ ಇವನ್ನು ದೂರಿನ ಎರಡನೇ ಸಾಲಿನಲ್ಲಿಡಿ. ಒಂದು ವರ್ಷದ ಹಿಂದೆ ಪರದೆಯ ಮೇಲೆ ಏನಿತ್ತು ಎಂದು ತೋರಿಸುವುದು ಕಷ್ಟ. ಸರ್ವಿಸ್‌ಗೆ ಬಂದಿಲ್ಲ ಎಂದು ತೋರಿಸುವುದಕ್ಕೆ ಅವರದೇ ಜಾಬ್ ಶೀಟ್ ಇದೆ.

ಇಮೇಲ್‌ಗೆ ಇಷ್ಟು ಸಾಕು, ಆ್ಯಪ್‌ನಲ್ಲಿ ಹೆಸರಿಸಿರುವ ಕುಂದುಕೊರತೆ ಅಧಿಕಾರಿಗೆ ಕಳಿಸಿ:

“ಕಳೆದ ವರ್ಷದ ಜೂನ್ 10ರಿಂದ ಈ ವರ್ಷದ ಜೂನ್ 9ರವರೆಗಿನ ಎಎಂಸಿಯಲ್ಲಿ ಒಪ್ಪಿಕೊಂಡ ಮೂರು ಸರ್ವಿಸ್‌ಗಳಲ್ಲಿ ಒಂದೂ ಆಗಿಲ್ಲ, ಫಿಲ್ಟರ್ ಬದಲಾಗಿಲ್ಲ. ನನ್ನ ಎರಡು ದೂರುಗಳನ್ನು ಭೇಟಿಯಿಲ್ಲದೆ ಮುಚ್ಚಲಾಗಿದೆ. ಜೂನ್ 10ರಂದು ನವೀಕರಣವಾದ ಎಎಂಸಿಯನ್ನು ಈ ಪತ್ರದ ದಿನದಿಂದ ರದ್ದು ಮಾಡಿ, ₹4,720 ಪೂರ್ತಿ ಹಿಂತಿರುಗಿಸಿ. ಹಿಂದಿನ ವರ್ಷ ಕೊಡದ ಸೇವೆಯ ಹಣವನ್ನೂ ಹಿಂತಿರುಗಿಸಿ. ಐದೂ ಕರೆಗಳ ಜಾಬ್ ಶೀಟ್, ಕೋಡ್ ದಾಖಲೆ, ನವೀಕರಣದ ಇನ್‌ವಾಯ್ಸ್ ಕಳುಹಿಸಿ. ಇನ್ನು ಮುಂದೆ ನನ್ನ ಲಿಖಿತ ಒಪ್ಪಿಗೆಯಿಲ್ಲದೆ ಯಾವ ಸರ್ವಿಸ್ ಕರೆಯನ್ನೂ ಪೂರ್ಣಗೊಂಡಿದೆ ಎಂದು ದಾಖಲಿಸಬೇಡಿ.”

ಕೊನೆಯ ವಾಕ್ಯ ಬಿಡಬೇಡಿ. ದೂರು ಹೋದ ಕೂಡಲೇ ಒಬ್ಬರನ್ನು ಕಳಿಸಿ ‘ಹೊಸ ವರ್ಷದ ಮೊದಲ ಸರ್ವಿಸ್ ಆಯಿತು’ ಎಂದು ಬರೆಸಿಕೊಳ್ಳುವುದು ಹಳೆಯ ರೂಢಿ. ಆಮೇಲೆ ‘ಸೇವೆ ಬಳಸಿದ್ದೀರಿ, ರೀಫಂಡ್ ಇಲ್ಲ’ ಎನ್ನುತ್ತಾರೆ. ಕೋಡ್ ಕೊಡಬೇಡಿ. ಇಮೇಲ್ ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು ಎಂದು ಇ-ಕಾಮರ್ಸ್ ನಿಯಮದಲ್ಲಿದೆ.

ತಿಳಿನೀರು

ಎಲ್ಲರಿಗೂ ವಂದನೆ. ಎಂಟು ದಿನಗಳಲ್ಲಿ ಆದದ್ದು ಇಷ್ಟು.

ಷರತ್ತಿನಲ್ಲಿ ‘ನಾಲ್ಕು ತಿಂಗಳಿಗೊಮ್ಮೆ ನಿಗದಿತ ಮೂರು ಭೇಟಿ’ ಎಂದೇ ಇದೆ. ಮ್ಯಾಂಡೇಟ್‌ನ ಗರಿಷ್ಠ ಮೊತ್ತ ₹9,999 ಇತ್ತು, ಸ್ಕ್ರೀನ್‌ಶಾಟ್ ತೆಗೆದು ರದ್ದು ಮಾಡಿದೆ. ಜೂನ್ 8ರ ಸಂಜೆ ಯುಪಿಐ ಆ್ಯಪ್‌ನಲ್ಲಿ ಸೂಚನೆ ಬಂದಿತ್ತು, ನಾನೇ ನೋಡಿರಲಿಲ್ಲ. ಹಾಗಾಗಿ ಬ್ಯಾಂಕಿನ ದೂರು ಕೈಬಿಟ್ಟೆ.

ಜಾಬ್ ಶೀಟ್ ಬಂದಿವೆ. ಸೆಪ್ಟೆಂಬರ್ 14, ಜನವರಿ 22, ಮೇ 6 ಎಂದು ಮೂರು ಭೇಟಿ. ಮೂರರಲ್ಲೂ ಒಳಗೆ 500, ಹೊರಗೆ 50. ಕೋಡ್ ಕಾಲಂ ಮೂರರಲ್ಲೂ ಖಾಲಿ. ಜನವರಿಯಲ್ಲಿ ಸೆಡಿಮೆಂಟ್, ಕಾರ್ಬನ್ ಬದಲಿಸಿದ್ದಾಗಿ ಇದೆ. ಒಳಗಿರುವ ಕಾರ್ಬನ್ ಕಾರ್ಟ್ರಿಜ್‌ನ ಸೀರಿಯಲ್, ಯಂತ್ರ ಕೂರಿಸಿದ ದಿನದ ಕಾಗದದಲ್ಲಿರುವುದೇ. ಸೆಡಿಮೆಂಟ್ ಮೇಲೆ ಸೀರಿಯಲ್ ಇಲ್ಲ. ಅಪಾರ್ಟ್‌ಮೆಂಟಿನ ಗೇಟ್ ಆ್ಯಪ್‌ನಲ್ಲಿ ಆ ಮೂರು ದಿನವೂ ನಮ್ಮ ಮನೆಗೆ ಸರ್ವಿಸ್‌ನವರ ಪ್ರವೇಶ ಇಲ್ಲ.

ಇದನ್ನೆಲ್ಲ ಕಳಿಸಿದ ಮೇಲೆ ಅವರಿಂದ ಫೋನ್ ಬಂತು. ರದ್ದಿಗೆ ಒಪ್ಪಿದ್ದಾರೆ. 60%, ಅಂದರೆ ₹2,832 ಕೊಡುತ್ತಾರಂತೆ. ಎಲ್ಲ ಬಾಬತ್ತೂ ಇತ್ಯರ್ಥವಾಗಿದೆ ಎಂದು ಒಂದು ಫಾರಂಗೆ ಸಹಿ ಮಾಡಬೇಕಂತೆ. ಉಳಿದದ್ದು ಕಳೆದ ದಿನಗಳಿಗೆ ಮತ್ತು ಆಡಳಿತ ವೆಚ್ಚಕ್ಕೆ ಎನ್ನುತ್ತಾರೆ. ಒಪ್ಪಲೇ?

ಸೀದಾಮಾತು

ಒಪ್ಪಿಬಿಡಿ. ಸಾವಿರದ ಒಂಬೈನೂರು ರೂಪಾಯಿಗೆ ಯಾರು ಗ್ರಾಹಕ ಆಯೋಗಕ್ಕೆ ಅಲೆಯೋದು? ಒಂದು ದಿನ ರಜೆ ಹಾಕಿದರೆ ಅಷ್ಟು ಹೋಗುತ್ತೆ.

ತಕ್ಕಡಿಮುಳ್ಳು

ಈಗಲೇ ಬೇಡ. ₹2,832 ನವೀಕರಣದ ಹಣದ ಭಾಗ ಮಾತ್ರ, ಆದರೆ ಆ ಫಾರಂಗೆ ಸಹಿ ಹಾಕಿದರೆ ಹಿಂದಿನ ವರ್ಷದ ₹4,720 ಮೇಲಿನ ಹಕ್ಕೂ ಅದರಲ್ಲೇ ಹೋಗುತ್ತದೆ. ಕೊಟ್ಟರೆ ತೆಗೆದುಕೊಳ್ಳಿ, ಸಹಿ ಇಲ್ಲದೆ. ‘ಇದನ್ನು ಭಾಗಶಃ ಹಣವಾಗಿ ಪಡೆಯುತ್ತಿದ್ದೇನೆ, ಉಳಿದ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ’ ಎಂದು ಇಮೇಲ್‌ನಲ್ಲಿ ತಿಳಿಸಿ.

ಅವರ ಕಡಿತದ ಲೆಕ್ಕ ನೋಡಿ. ನೀವು ರದ್ದು ಕೇಳುವ ಹೊತ್ತಿಗೆ ಹೊಸ ವರ್ಷದ 365 ದಿನಗಳಲ್ಲಿ 20 ದಿನ ಕಳೆದಿತ್ತು. ದಿನದ ಲೆಕ್ಕದಲ್ಲೇ ಹಿಡಿದರೂ ಅದು ₹4,720ರಲ್ಲಿ ಸುಮಾರು ₹259. ಅವರು ಹಿಡಿದಿರುವುದು ₹1,888. ಮಿಕ್ಕ ₹1,629 ಯಾವ ಷರತ್ತಿನ ಪ್ರಕಾರ ಎಂದು ಕೇಳಿ. ಜಿಎಸ್‌ಟಿ ವಾಪಸ್ ಬರುವುದಿಲ್ಲ ಎಂದರೆ ಅದನ್ನೂ ಒಪ್ಪಬೇಡಿ. ಕರಾರು ರದ್ದಾದರೆ ಅವರು ಕ್ರೆಡಿಟ್ ನೋಟ್ ಕೊಟ್ಟು ತೆರಿಗೆಯನ್ನು ಸರಿಪಡಿಸಿಕೊಳ್ಳಬಹುದು. ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರವರೆಗೂ ಅದಕ್ಕೆ ಅವಕಾಶವಿದೆ.

ಮುಂದಿನ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915, ಅಥವಾ consumerhelpline.gov.in. ಅದು ತೀರ್ಪು ಕೊಡುವುದಿಲ್ಲ, ಕಂಪನಿಗೆ ದಾಟಿಸಿ ಉತ್ತರ ತರಿಸುತ್ತದೆ. ಈ ಗಾತ್ರದ ಮೊತ್ತಕ್ಕೆ ಎಷ್ಟೋ ಸಲ ಅಲ್ಲೇ ಮುಗಿಯುತ್ತದೆ. ದೂರಿನಲ್ಲಿ ಕಥೆ ಬೇಡ, ಮೂರು ಸಾಲು ಸಾಕು: ಜಾಬ್ ಶೀಟಿನಲ್ಲಿ ಕೋಡ್ ಇಲ್ಲ, ಬದಲಿಸಿದ್ದೇವೆಂದ ಕಾರ್ಟ್ರಿಜ್‌ನ ಸೀರಿಯಲ್ ಹಳೆಯದೇ, ಗೇಟಿನಲ್ಲಿ ಪ್ರವೇಶವಿಲ್ಲ.

ಅಲ್ಲೂ ಆಗದಿದ್ದರೆ e-jagriti.gov.in ಮೂಲಕ ಜಿಲ್ಲಾ ಗ್ರಾಹಕ ಆಯೋಗ. ₹5 ಲಕ್ಷದವರೆಗೆ ಶುಲ್ಕವಿಲ್ಲ. ಕಂಪನಿ ಎಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ವಿಡಿಯೊ ಮೂಲಕ ವಿಚಾರಣೆ ಕೇಳಿಕೊಳ್ಳುವುದಕ್ಕೂ ಅವಕಾಶವಿದೆ, ಆದ್ದರಿಂದ ಪ್ರತಿ ಸಲ ರಜೆ ಹಾಕಬೇಕೆಂದಿಲ್ಲ. ಎರಡು ವರ್ಷದ ಕಾಲಮಿತಿ ಇದೆ. ಒಂದು ಎಚ್ಚರ: ‘ಏಕಪಕ್ಷೀಯ, ಅನ್ಯಾಯದ ಕರಾರು’ ಎಂಬುದನ್ನೇ ದೂರಿನ ಬುಡ ಮಾಡಿಕೊಳ್ಳಬೇಡಿ. ಅನ್ಯಾಯದ ಕರಾರಿನ ದೂರುಗಳನ್ನು ಕಾಯ್ದೆ ಕೊಟ್ಟಿರುವುದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ. ಜಿಲ್ಲೆಯಲ್ಲಿ ಸೇವಾ ಕೊರತೆ ಮತ್ತು ಅನುಚಿತ ವ್ಯಾಪಾರ ಪದ್ಧತಿ ಎಂದೇ ಬರೆಯಿರಿ. ಫ್ರಾಂಚೈಸಿಯನ್ನೂ ಕಂಪನಿಯನ್ನೂ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾ ಕೂರುತ್ತಾರೆ.

ಪಾಸ್‌ಬುಕ್

ಒಂದು ಎಚ್ಚರಿಕೆ ನನ್ನದೂ. ರೀಫಂಡ್ ವಿಚಾರಕ್ಕೆ ಬರುವ ಫೋನ್ ಕಂಪನಿಯದೇ ಎಂದು ಹೇಗೆ ಗೊತ್ತಾಯಿತು? ಗೂಗಲ್‌ನಲ್ಲಿ ಸಿಗುವ ಗ್ರಾಹಕ ಸೇವೆ ನಂಬರುಗಳಲ್ಲಿ ನಕಲಿಗಳು ಬಹಳ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಬೇಕಿಲ್ಲ, ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳುವುದಂತೂ ಬೇಡವೇ ಬೇಡ. ಯಾರಾದರೂ ಅದನ್ನು ಕೇಳಿದರೆ ಫೋನ್ ಇಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಳೇಸ್ಪ್ಯಾನರ್

ಹಿಂದಿನ ವರ್ಷದ ಪೂರ್ತಿ ₹4,720 ಸಿಗುತ್ತೆ ಅಂತ ನನಗೆ ಅನಿಸಲ್ಲ ತಕ್ಕಡಿಮುಳ್ಳು ಅವರೇ. ಎಎಂಸಿ ಅಂದ್ರೆ ಬರೀ ಮೂರು ಭೇಟಿ ಅಲ್ಲ. ಪಂಪ್ ಹೋದ್ರೆ, ಅಡಾಪ್ಟರ್ ಸುಟ್ರೆ, ಸೊಲೆನಾಯ್ಡ್ ವಾಲ್ವ್ ಕೆಟ್ರೆ ಬದಲಾಯಿಸಿಕೊಡ್ತೀವಿ ಅನ್ನೋ ಭರವಸೆಗೂ ಅದರಲ್ಲಿ ಬೆಲೆ ಇರುತ್ತೆ. ಆ ಹೊಣೆ ವರ್ಷಪೂರ್ತಿ ನಮ್ಮ ಮೇಲಿತ್ತು ಅಂತ ಕಂಪನಿ ವಾದಿಸುತ್ತೆ.

ತಕ್ಕಡಿಮುಳ್ಳು

ವಾದಿಸಲಿ. ಎರಡು ಸಲ ಕರೆದರೂ ಬಾರದೆ ದೂರು ಮುಚ್ಚಿದವರ ಭರವಸೆಗೆ ಬೆಲೆ ಎಷ್ಟು ಎಂದು ನಾನು ಎದುರು ಕೇಳುತ್ತೇನೆ. ಆದರೆ ಆಯೋಗ ಅದರಲ್ಲಿ ಒಂದಷ್ಟು ಕಳೆಯಬಹುದು, ಅದನ್ನು ಒಪ್ಪುತ್ತೇನೆ. ಹಾಗಾಗಿಯೇ ಎರಡು ಬೇಡಿಕೆಗಳನ್ನು ಬೇರೆಬೇರೆ ಸಾಲಾಗಿ ಬರೆಯಬೇಕು. ನವೀಕರಣದ ₹4,720 ಒಂದು, ಹಿಂದಿನ ವರ್ಷದ್ದು ಇನ್ನೊಂದು. ಎರಡನ್ನೂ ಕೂಡಿಸಿ ₹9,440 ಎಂದು ಒಂದೇ ಮೊತ್ತ ಬರೆದರೆ ಗಟ್ಟಿಯಿರುವ ಬೇಡಿಕೆಯೂ ಸಡಿಲವಿರುವುದರ ಜೊತೆ ಚೌಕಾಸಿಗೆ ಸಿಕ್ಕಿಕೊಳ್ಳುತ್ತದೆ.

ಹಳೇಸ್ಪ್ಯಾನರ್

ಅದು ಸರಿ. ಆದರೂ ಹಿಂದಿನ ವರ್ಷದ್ದು ಅರ್ಧಕ್ಕಿಂತ ಮೇಲೆ ಬಂದ್ರೆ ಹೆಚ್ಚು ಅಂತಲೇ ನನ್ನ ಲೆಕ್ಕ.

ತಿಳಿನೀರು

ಫಾರಂಗೆ ಸಹಿ ಹಾಕಲಿಲ್ಲ. ₹1,629 ಯಾವ ಷರತ್ತಿನ ಪ್ರಕಾರ ಎಂದು ಬರೆದು ಕೇಳಿದೆ. ಎರಡು ದಿನದಲ್ಲಿ ‘ವಿಶೇಷ ಪ್ರಕರಣ’ವೆಂದು ನವೀಕರಣದ ₹4,720 ಪೂರ್ತಿ ಕಟ್ಟಿದ ಖಾತೆಗೇ ಬಂತು, ರದ್ದಿನ ಇಮೇಲ್ ಕೂಡ ಬಂದಿದೆ. ಹಿಂದಿನ ವರ್ಷದ್ದು ಸಾಧ್ಯವಿಲ್ಲ ಎಂದಿದ್ದಾರೆ. ಅದಕ್ಕೆ 1915ರಲ್ಲಿ ದೂರು ದಾಖಲಿಸಿದ್ದೇನೆ, ಉತ್ತರ ಬಂದಿಲ್ಲ.

ಈಗಿನ ತೊಡಕು ಬೇರೆ. ನೀರು ತೀರಾ ಸಣ್ಣಗೆ ಬರುತ್ತಿದೆ, ಹದಿನೈದು ತಿಂಗಳ ಹಳೆಯ ಕಾರ್ಬನ್ ಇಟ್ಟುಕೊಂಡು ಎಷ್ಟು ದಿನ ಕುಡಿಯುವುದು? ಬದಲಾಯಿಸಿದರೆ ಸಾಕ್ಷಿ ಹೋಗುತ್ತದಲ್ಲವೇ?

ಹಳೇಸ್ಪ್ಯಾನರ್

ಕುಡಿಯೋ ನೀರಿನ ವಿಷಯ, ಕಾಯಬೇಡಿ. ಕಾರ್ಬನ್ ಕೆಲಸ ಮುಗಿದ್ರೆ ಕ್ಲೋರಿನ್ ನೇರ ಮೆಂಬ್ರೇನ್‌ಗೆ ಹೋಗಿ ಅದನ್ನೂ ಹಾಳು ಮಾಡುತ್ತೆ, ಆಮೇಲೆ ಖರ್ಚು ದೊಡ್ಡದಾಗುತ್ತೆ.

ಬದಲಾಯಿಸೋ ಕ್ರಮ ಹೀಗಿರಲಿ. ಬಿಚ್ಚೋಕೆ ಮುಂಚಿಂದ ಹೊಸದು ಕೂರೋ ತನಕ ತಡೆಯಿಲ್ಲದ ಒಂದೇ ವಿಡಿಯೊ, ಶುರುವಿಗೆ ಯಂತ್ರದ ಸೀರಿಯಲ್ ಮತ್ತು ಅವತ್ತಿನ ಪತ್ರಿಕೆ ಕಾಣಲಿ. ಹಳೇ ಸೆಡಿಮೆಂಟ್, ಕಾರ್ಬನ್ ಎರಡರ ನೀರೂ ಬಸಿದು, ಒಂದು ದಿನ ಒಣಗಿಸಿ, ಬೇರೆಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಟೇಪ್ ಮಾಡಿ, ಟೇಪ್ ಮೇಲೆ ತಾರೀಖು ಬರೆದು, ಬದಲಿಸಿದವರದ್ದೂ ನಿಮ್ಮದೂ ಸಹಿ ಇರಲಿ. ಒದ್ದೆಯಾಗಿಯೇ ಕಟ್ಟಿಟ್ರೆ ಬೂಷ್ಟು ಹಿಡಿದು ಲೇಬಲ್ ಓದೋಕಾಗಲ್ಲ. ಬಿಲ್‌ನಲ್ಲಿ ‘ಫಿಲ್ಟರ್ ಸೆಟ್’ ಅಂತ ಬರೆಸ್ಕೋಬೇಡಿ, ಯಾವ ಫಿಲ್ಟರ್ ಎಷ್ಟು ಅಂತ ಬಿಡಿಬಿಡಿಯಾಗಿ ಇರಲಿ. ಅವರು ಹಾಕಬೇಕಿದ್ದನ್ನ ನೀವು ಕೊಂಡಿರೋದು, ಆ ಬಿಲ್ಲನ್ನೂ 1915ರ ದೂರಿಗೆ ಸೇರಿಸಿ.

ಹೊಸ ಕಾರ್ಬನ್ ಕೂರಿಸಿದ ಮೇಲೆ ಅದರಿಂದ ಹೊರಡೋ ಪೈಪನ್ನ ಮೆಂಬ್ರೇನ್‌ಗೆ ಜೋಡಿಸೋ ಮುಂಚೆ ಬಕೆಟ್‌ಗೆ ಬಿಟ್ಟು, ಕಪ್ಪು ಪುಡಿ ಹೋಗೋ ತನಕ ನೀರು ಹರಿಸಿ. ಆಮೇಲೆ ಜೋಡಿಸಿ, ಮೊದಲ ಟ್ಯಾಂಕ್ ನೀರನ್ನ ಚೆಲ್ಲಿಬಿಡಿ.